ಈ ಕೇಸು ಹೇಗ್ ಕೋರ್ಟಿನಲ್ಲಿ ನಿಲ್ಲುತ್ತಾ? ಒಪ್ಪಿಗೆ, ಘೋಷಣೆ, ಷರತ್ತುಗಳನ್ನು ಓದುವ ಸಮಗ್ರ ಮಾರ್ಗದರ್ಶಿ

ಗಡಿಯಲ್ಲಿ ಏನಾದರೂ ನಡೆದ ಕೂಡಲೇ ಒಂದು ಪ್ರಶ್ನೆ ಬರುತ್ತದೆ: "ಅವರನ್ನು ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಎಳೆಯಬಹುದಲ್ವಾ?" ಉತ್ತರ ಕೊಡುವವರು ಸಾಮಾನ್ಯವಾಗಿ ಯಾರದ್ದು ತಪ್ಪು ಅನ್ನುವುದರಿಂದ ಶುರು ಮಾಡುತ್ತಾರೆ. ಆ ನ್ಯಾಯಾಲಯ ಇರುವ ಹೇಗ್‌ನಲ್ಲಿ ಆ ಪ್ರಶ್ನೆ ಬರುವುದು ಕೊನೆಗೆ. ಅದಕ್ಕೂ ಮೊದಲು ಕೋರ್ಟು ಕೇಳುವುದು ಇದನ್ನು: ಎದುರಿನ ದೇಶ ಈ ಜಗಳವನ್ನು ಕೋರ್ಟು ತೀರ್ಮಾನಿಸಲಿ ಅಂತ ಎಲ್ಲಿ, ಯಾವಾಗ, ಯಾವ ಮಾತಿನಲ್ಲಿ ಒಪ್ಪಿದೆ?

ಒಪ್ಪಿಗೆ ಇಲ್ಲದೆ ಈ ಕೋರ್ಟು ಯಾವ ದೇಶದ ಮೇಲೂ ತೀರ್ಪು ಕೊಡುವುದಿಲ್ಲ. ವಿಶ್ವಸಂಸ್ಥೆಯ ಸದಸ್ಯ ದೇಶಗಳೆಲ್ಲ ತಾವಾಗಿಯೇ ಕೋರ್ಟಿನ ಮೂಲ ಒಪ್ಪಂದವಾದ ಸಂವಿಧಿಗೂ ಸೇರಿದವೇ, ಆದರೆ ಅದರಿಂದ ಅವು ಕೋರ್ಟಿನ ಬಾಗಿಲಿಗೆ ಬರಬಹುದು ಅಂತಾಗುತ್ತದೆಯೇ ಹೊರತು, ಅವುಗಳ ಮೇಲೆ ಕೇಸು ನಡೆಸಬಹುದು ಅಂತಾಗುವುದಿಲ್ಲ. ಈ ಎರಡನ್ನು ಬೇರೆ ಮಾಡಿ ನೋಡದಿದ್ದರೆ ಮುಂದಿನದ್ಯಾವುದೂ ಅರ್ಥವಾಗುವುದಿಲ್ಲ.

ಒಪ್ಪಿಗೆ ಇದೆಯೋ ಇಲ್ಲವೋ ಅಂತ ಕಾಗದ ನೋಡಿ ಹೇಳುವುದು ಹೇಗೆ ಅಂತ ಇಲ್ಲಿ ಹಂತ ಹಂತವಾಗಿ ಬರೆಯುತ್ತೇನೆ. ಉದಾಹರಣೆಗೆ ಹಿಡಿದಿರುವುದು 1999ರ ಅಟ್ಲಾಂಟಿಕ್ ವಿಮಾನದ ಕೇಸು, ಪಾಕಿಸ್ತಾನ ಭಾರತದ ಮೇಲೆ ಹಾಕಿದ್ದು. ಕಾರಣ ಇಷ್ಟೇ. ಒಪ್ಪಿಗೆಯ ಹಲವು ದಾರಿಗಳನ್ನು ಪಾಕಿಸ್ತಾನ ಅಲ್ಲಿ ಒಂದೊಂದಾಗಿ ಪ್ರಯತ್ನಿಸಿತು, ಕೋರ್ಟು ಒಂದೊಂದಾಗಿ ಮುಚ್ಚಿತು. ಕಲಿಯಲು ಇದಕ್ಕಿಂತ ಒಳ್ಳೆ ಕೇಸು ನನಗೆ ಗೊತ್ತಿಲ್ಲ.

ಮೊದಲು: ಮೂರು ಪ್ರಶ್ನೆಗಳನ್ನು ಬೇರೆ ಬೇರೆ ಇಡಿ

ಒಂದು, ಕೋರ್ಟಿಗೆ ಅಧಿಕಾರ ಇದೆಯಾ? ಇದು ಒಪ್ಪಿಗೆಯ ಪ್ರಶ್ನೆ, ಅಂದರೆ ನ್ಯಾಯವ್ಯಾಪ್ತಿ. ಎರಡು, ಅಧಿಕಾರ ಇದ್ದರೂ ಈ ಅರ್ಜಿಯನ್ನು ಈಗ, ಈ ರೂಪದಲ್ಲಿ ವಿಚಾರಣೆ ಮಾಡಬಹುದಾ? ಇದು ವಿಚಾರಣಾರ್ಹತೆ. ಮೂರು, ಅರ್ಜಿದಾರ ಹೇಳುವುದು ಸರಿಯಾ?

ನಡೆದದ್ದು ಎಷ್ಟೇ ಘೋರವಾಗಿದ್ದರೂ ಮೂರನೆಯದರಿಂದ ಮೊದಲನೆಯದಕ್ಕೆ ಉತ್ತರ ಸಿಗುವುದಿಲ್ಲ. ಡೆಮಾಕ್ರಟಿಕ್ ರಿಪಬ್ಲಿಕ್ ಆಫ್ ಕಾಂಗೋ ರುವಾಂಡಾದ ಮೇಲೆ ನರಮೇಧದ ಆರೋಪ ಹೊರಿಸಿತ್ತು. ನರಮೇಧ ಒಪ್ಪಂದದ 9ನೇ ವಿಧಿಯಲ್ಲಿ ಜಗಳವನ್ನು ಈ ಕೋರ್ಟಿಗೆ ಒಯ್ಯಬಹುದು ಅಂತಿದೆ, ಆದರೆ ರುವಾಂಡಾ ಆ ವಿಧಿ ತನಗೆ ಅನ್ವಯಿಸದು ಅಂತ ಷರತ್ತು ಹಾಕಿ ಒಪ್ಪಂದಕ್ಕೆ ಸೇರಿತ್ತು. ನರಮೇಧ ನಿಷೇಧ ಯಾವ ದೇಶವೂ ಮೀರಲಾಗದ ನಿಯಮ ಅಂತ ಕೋರ್ಟು 2006ರಲ್ಲಿ ಒಪ್ಪಿತು. ಒಪ್ಪಿದ ಮೇಲೂ, ಅಷ್ಟರಿಂದಲೇ ತನಗೆ ಅಧಿಕಾರ ಹುಟ್ಟುವುದಿಲ್ಲ ಅಂತ ಹೇಳಿ ಕೇಸು ಬಿಟ್ಟಿತು. ಓದುವಾಗ ಮನಸ್ಸಿಗೆ ಕಷ್ಟವಾಗುತ್ತದೆ. ಆದರೆ ಈ ಕೋರ್ಟು ನಿಂತಿರುವುದೇ ಈ ನಿಯಮದ ಮೇಲೆ.

ಎರಡನೆಯದು: ಒಪ್ಪಿಗೆ ಯಾವ ದಾರಿಯಲ್ಲಿ ಬಂದಿದೆ ಅಂತ ಹುಡುಕಿ

ದಾರಿಗಳು ನಾಲ್ಕೇ. ಎರಡೂ ದೇಶಗಳು ಕೂತು ಈ ಒಂದು ಜಗಳಕ್ಕೆ ಅಂತಲೇ ಒಪ್ಪಂದ ಬರೆದುಕೊಳ್ಳಬಹುದು. ಇಂಥ ಕೇಸಿನಲ್ಲಿ ವ್ಯಾಪ್ತಿಯ ತಕರಾರು ಅಪರೂಪ. ಇಲ್ಲದಿದ್ದರೆ ಹಳೆಯ ಯಾವುದೋ ಒಪ್ಪಂದದಲ್ಲಿ "ಇದರ ಬಗ್ಗೆ ಜಗಳ ಬಂದರೆ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ" ಅನ್ನುವ ವಿಧಿ ಇರಬಹುದು. ಮೂರನೆಯದು ಆಪ್ಷನಲ್ ಕ್ಲಾಸ್, ಅಂದರೆ ಸಂವಿಧಿಯ 36ನೇ ವಿಧಿಯ 2ನೇ ಕಲಮು. ಅದರ ಅಡಿಯಲ್ಲಿ ಒಂದು ದೇಶ ಮುಂಚಿತವಾಗಿಯೇ ಘೋಷಣೆ ಮಾಡಿಡುತ್ತದೆ: ಇದೇ ರೀತಿ ಒಪ್ಪಿರುವ ಯಾವ ದೇಶ ಕೇಸು ಹಾಕಿದರೂ ನಾನು ಬರುತ್ತೇನೆ. ನಾಲ್ಕನೆಯದು, ಕೇಸು ಹಾಕಿದ ಮೇಲೆ ಎದುರಾಳಿ "ಆಗಲಿ, ನಡೆಯಲಿ" ಅನ್ನುವುದು. ಒಪ್ಪಿಗೆಯೇ ಇಲ್ಲದೆ ಹೀಗೆ ಆಹ್ವಾನದ ಥರ ಹಾಕಿದ ಅರ್ಜಿಯನ್ನು ಕೋರ್ಟು ಎದುರಾಳಿಗೆ ಕಳಿಸುತ್ತದೆ ಅಷ್ಟೇ, ಅದು ಒಪ್ಪುವ ತನಕ ಕೇಸಿನ ಪಟ್ಟಿಗೆ ಸೇರಿಸುವುದಿಲ್ಲ. ಪತ್ರಿಕೆಗಳಲ್ಲಿ "ಹೇಗ್‌ನಲ್ಲಿ ಕೇಸು ದಾಖಲು" ಅಂತ ಬಂದಾಗ ಇದನ್ನು ನೆನಪಿಡಿ. ಫ್ರಾನ್ಸ್ ಎರಡು ಸಲ, ಕಾಂಗೋ ರಿಪಬ್ಲಿಕ್‌ನ ಕೇಸಿನಲ್ಲೂ ಜಿಬೂಟಿಯ ಕೇಸಿನಲ್ಲೂ, ಹೀಗೆ ಒಪ್ಪಿ ಬಂದಿದೆ. ಎಲ್ಲರೂ ಹಾಗೆ ಬರುವುದಿಲ್ಲ.

ಅರ್ಜಿಯ ಮೊದಲ ಪುಟಗಳಲ್ಲೇ ಅರ್ಜಿದಾರ ದೇಶ ತನ್ನ ದಾರಿ ಯಾವುದು ಅಂತ ಹೇಳಬೇಕು. ಅಲ್ಲಿಂದಲೇ ಓದಲು ಶುರು ಮಾಡಿ.

ಅಟ್ಲಾಂಟಿಕ್ ಕೇಸಿನ ಅರ್ಜಿ

1999ರ ಆಗಸ್ಟ್ 10. ಕಾರ್ಗಿಲ್ ಯುದ್ಧ ಮುಗಿದು ಕೆಲವೇ ವಾರ. ಕಛ್ ಮತ್ತು ಸಿಂಧ್ ನಡುವಿನ ಗಡಿಯಲ್ಲಿ ಪಾಕಿಸ್ತಾನಿ ನೌಕಾಪಡೆಯ ಅಟ್ಲಾಂಟಿಕ್ ವಿಮಾನವನ್ನು ಭಾರತೀಯ ವಾಯುಪಡೆ ಹೊಡೆದುರುಳಿಸಿತು. ಒಳಗಿದ್ದ 16 ಮಂದಿಯೂ ಸತ್ತರು. ವಿಮಾನ ಯಾರ ಆಕಾಶದಲ್ಲಿತ್ತು ಅನ್ನುವುದೇ ಜಗಳ. ಸೆಪ್ಟೆಂಬರ್ 21ಕ್ಕೆ ಪಾಕಿಸ್ತಾನ ಹೇಗ್‌ನಲ್ಲಿ ಅರ್ಜಿ ಹಾಕಿತು, ಪರಿಹಾರ ಕೇಳಿತು.

ಒಪ್ಪಿಗೆಗೆ ಪಾಕಿಸ್ತಾನ ತೋರಿಸಿದ ಆಧಾರ ಮೂರು. ಒಂದು, ಜಗಳಗಳ ಶಾಂತಿಯುತ ಇತ್ಯರ್ಥಕ್ಕೆ ಅಂತ 1928ರಲ್ಲಿ ಆದ ಜನರಲ್ ಆಕ್ಟ್ ಅನ್ನುವ ಒಪ್ಪಂದ, ಬ್ರಿಟಿಷ್ ಇಂಡಿಯಾ 1931ರಲ್ಲಿ ಅದಕ್ಕೆ ಸೇರಿತ್ತು. ಎರಡು, ಎರಡೂ ದೇಶಗಳ ಆಪ್ಷನಲ್ ಕ್ಲಾಸ್ ಘೋಷಣೆಗಳು, ಪಾಕಿಸ್ತಾನದ್ದು 1960ರದ್ದು, ಭಾರತದ್ದು 1974ರದ್ದು. ಮೂರು, ವಿಶ್ವಸಂಸ್ಥೆಯ ಸನ್ನದು.

ಭಾರತ ವಾದದ ಒಳಗೆ ಇಳಿಯಲೇ ಇಲ್ಲ. ನವೆಂಬರ್ 2ರಂದು ಪತ್ರ ಬರೆದು ಕೋರ್ಟಿಗೆ ಅಧಿಕಾರವೇ ಇಲ್ಲ ಅಂತ ತಕರಾರು ಎತ್ತಿತು. ಆಮೇಲೆ ಎರಡೂ ಕಡೆಯವರು ಕೋರ್ಟಿನ ಅಧ್ಯಕ್ಷರ ಜೊತೆ ಕೂತು, ಅಧಿಕಾರದ ಪ್ರಶ್ನೆ ಮೊದಲು ತೀರ್ಮಾನವಾಗಲಿ ಅಂತ ಒಪ್ಪಿದರು.

ಮೂರನೆಯದು: ಹಳೆ ಒಪ್ಪಂದ ಇನ್ನೂ ಜೀವಂತ ಇದೆಯಾ ನೋಡಿ

ಒಪ್ಪಂದದ ದಾರಿ ಹಿಡಿದರೆ ಅದರ ವಿಧಿಯನ್ನು ಓದಿದರೆ ಸಾಲದು. ಎರಡೂ ದೇಶಗಳು ಕೇಸು ಹಾಕಿದ ದಿನ ಆ ಒಪ್ಪಂದಕ್ಕೆ ಬದ್ಧವಾಗಿದ್ದವಾ ಅಂತ ನೋಡಬೇಕು. ಸಹಿ ಮಾಡುವಾಗ ಷರತ್ತು ಹಾಕಿದ್ದವಾ ಅಂತಲೂ ನೋಡಬೇಕು.

ಬ್ರಿಟಿಷ್ ಇಂಡಿಯಾ ಸೇರಿದ್ದ ಜನರಲ್ ಆಕ್ಟ್ ಸ್ವತಂತ್ರ ಭಾರತಕ್ಕೆ ವಾರಸುದಾರಿಕೆಯಿಂದ ಬಂತಾ, ಪಾಕಿಸ್ತಾನಕ್ಕೂ ಬಂತಾ ಅನ್ನುವುದರ ಮೇಲೆ ದೊಡ್ಡ ವಾದವೇ ನಡೆಯಿತು. ಕೋರ್ಟು ಅದರೊಳಗೆ ಹೋಗಲಿಲ್ಲ. 1974ರ ಸೆಪ್ಟೆಂಬರ್ 18ರಂದು ಭಾರತ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಗೆ ಒಂದು ಪತ್ರ ಕಳಿಸಿತ್ತು: ಸ್ವಾತಂತ್ರ್ಯ ಬಂದಾಗಿನಿಂದ ನಾವು ಈ ಒಪ್ಪಂದಕ್ಕೆ ಬದ್ಧರು ಅಂತ ಯಾವತ್ತೂ ಭಾವಿಸಿಲ್ಲ ಅಂತ. ಆ ಪತ್ರದಲ್ಲಿ "ಹೊರಬರುತ್ತಿದ್ದೇವೆ" ಅನ್ನುವ ಮಾತಿಲ್ಲ. ಆದರೂ ಹೊರಬರುವ ನೋಟಿಸು ಮಾಡುವ ಕೆಲಸವನ್ನೇ ಆ ಪತ್ರವೂ ಮಾಡಿದೆ ಅಂತ ಕೋರ್ಟು ಹೇಳಿತು. ಆ ಒಪ್ಪಂದ ಐದೈದು ವರ್ಷಕ್ಕೆ ಮುಂದುವರಿಯುವಂಥದ್ದು. ಹಾಗಾಗಿ ಭಾರತ ಅದರಲ್ಲಿ ಇತ್ತು ಅಂತಲೇ ಇಟ್ಟುಕೊಂಡರೂ 1979ರ ಆಗಸ್ಟ್ 16ರ ಹೊತ್ತಿಗೆ ಅದು ಮುಗಿದಿತ್ತು. ಅಲ್ಲಿಗೆ ಮೊದಲ ದಾರಿ ಮುಚ್ಚಿತು.

ಕಾಲು ಶತಮಾನದ ಹಿಂದೆ ಯಾರೋ ಅಧಿಕಾರಿ ಎಚ್ಚರದಿಂದ ಬರೆದ ಒಂದು ಪತ್ರ ಇಲ್ಲಿ ಕೆಲಸಕ್ಕೆ ಬಂತು. ಅದಕ್ಕೇ ಒಪ್ಪಂದದ ಪಠ್ಯದ ಜೊತೆ ಅದರ ಬಗ್ಗೆ ದೇಶಗಳು ಕೊಟ್ಟ ಹೇಳಿಕೆಗಳನ್ನೂ ತೆಗೆದು ಓದಬೇಕು. ವಿಶ್ವಸಂಸ್ಥೆಯ ಒಪ್ಪಂದ ಸಂಗ್ರಹದಲ್ಲಿ ಪ್ರತಿ ಒಪ್ಪಂದದ ಕೆಳಗೇ ಅವು ಸಿಗುತ್ತವೆ.

ನಾಲ್ಕನೆಯದು: ಎರಡು ಘೋಷಣೆಗಳನ್ನು ಪಕ್ಕಪಕ್ಕ ಇಟ್ಟು ಓದಿ

ಇದೇ ಮುಖ್ಯ ಹಂತ, ಇಲ್ಲಿ ಅವಸರ ಬೇಡ. `icj-cij.org` ತಾಣದಲ್ಲಿ ಘೋಷಣೆ ಮಾಡಿರುವ ದೇಶಗಳ ಪಟ್ಟಿಯೂ ಪಠ್ಯವೂ ಇವೆ. 193 ದೇಶಗಳಲ್ಲಿ ಘೋಷಣೆ ಮಾಡಿರುವವು ಎಪ್ಪತ್ತಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ಭದ್ರತಾ ಮಂಡಳಿಯ ಐದು ಕಾಯಂ ಸದಸ್ಯರಲ್ಲಿ ಈಗ ಉಳಿದಿರುವುದು ಬ್ರಿಟನ್ ಒಂದೇ. ಅಣುಪರೀಕ್ಷೆ ಕೇಸು ಬಂದ ಮೇಲೆ 1974ರಲ್ಲಿ ಫ್ರಾನ್ಸ್ ಹಿಂದೆಗೆಯಿತು, ನಿಕರಾಗುವಾ ಕೇಸು ಬಂದ ಮೇಲೆ 1985ರಲ್ಲಿ ಅಮೆರಿಕ.

ಮೊದಲು ದಿನಾಂಕ ನೋಡಿ. ಲೆಕ್ಕಕ್ಕೆ ಬರುವುದು ಅರ್ಜಿ ಸಲ್ಲಿಸಿದ ದಿನ. ಆ ದಿನ ಎರಡೂ ಘೋಷಣೆ ಜಾರಿಯಲ್ಲಿದ್ದರೆ ಸಾಕು, ಆಮೇಲೆ ಒಂದು ರದ್ದಾದರೂ ಕೇಸು ಮುಂದುವರಿಯುತ್ತದೆ. ನೋಟೆಬಾಮ್ ಕೇಸಿನಲ್ಲಿ ಗ್ವಾಟೆಮಾಲಾದ ಘೋಷಣೆಯ ಅವಧಿ ಅರ್ಜಿ ಬಂದ ಕೆಲವೇ ವಾರಕ್ಕೆ ಮುಗಿಯಿತು, ಆದರೂ ಕೋರ್ಟು ಕೇಸು ಮುಂದುವರಿಸಿತು.

ಭಾರತಕ್ಕೆ ದಿನಾಂಕದ ಪಾಠ ಕಲಿಸಿದ್ದು ಪೋರ್ಚುಗಲ್. ದಾದ್ರಾ ಮತ್ತು ನಗರ್ ಹವೇಲಿಗೆ ಭಾರತದ ನೆಲದ ಮೂಲಕ ಹೋಗುವ ಹಕ್ಕು ತನಗಿದೆ ಅನ್ನುವುದು ಅದರ ವಾದ. 1955ರ ಡಿಸೆಂಬರ್ 19ರಂದು ಘೋಷಣೆ ಸಲ್ಲಿಸಿತು, ಮೂರೇ ದಿನಕ್ಕೆ, 22ರಂದು, ಭಾರತದ ಮೇಲೆ ಕೇಸು ಹಾಕಿತು. ಆ ಘೋಷಣೆಯ ಪ್ರತಿ ಇನ್ನೂ ನಮ್ಮ ಕೈಗೇ ಬಂದಿರಲಿಲ್ಲ ಅಂತ ಭಾರತ ವಾದಿಸಿತು. ಘೋಷಣೆ ಸಲ್ಲಿಸಿದ ಕ್ಷಣದಿಂದಲೇ ಜಾರಿ ಅಂತ ಕೋರ್ಟು 1957ರಲ್ಲಿ ಹೇಳಿತು. ಇಂಥ ಹಠಾತ್ ಕೇಸನ್ನು ತಡೆಯುವ ಷರತ್ತು ಭಾರತದ 1974ರ ಘೋಷಣೆಯಲ್ಲಿತ್ತು: ಎದುರಿನ ದೇಶ ಈ ಒಂದು ಜಗಳಕ್ಕಾಗಿಯೇ ಒಪ್ಪಿಗೆ ಕೊಟ್ಟಿದ್ದರೆ, ಅಥವಾ ಒಪ್ಪಿಗೆ ಸಲ್ಲಿಸಿ 12 ತಿಂಗಳಾಗುವ ಮುಂಚೆ ಕೇಸು ಹಾಕಿದರೆ, ಭಾರತ ಬರುವುದಿಲ್ಲ. ಈ 12 ತಿಂಗಳ ಷರತ್ತು ಇವತ್ತು ಹಲವು ದೇಶಗಳ ಘೋಷಣೆಯಲ್ಲಿದೆ. ಹುಡುಕಿ ನೋಡಿ.

ಆಮೇಲೆ ಪರಸ್ಪರತೆ. ಎರಡು ಘೋಷಣೆಗಳು ಒಂದರ ಕೆಳಗೊಂದು ಇಟ್ಟ ಎರಡು ಜರಡಿಗಳಿದ್ದಂತೆ. ಎರಡರಿಂದಲೂ ಇಳಿದ ಜಗಳ ಮಾತ್ರ ಕೋರ್ಟಿಗೆ ಸಿಗುತ್ತದೆ. ಅಂದರೆ ಅರ್ಜಿದಾರ ತನ್ನನ್ನು ಕಾಪಾಡಿಕೊಳ್ಳಲು ಹಾಕಿಕೊಂಡ ಷರತ್ತನ್ನು ಎದುರಾಳಿಯೂ ಬಳಸಬಹುದು. ಫ್ರಾನ್ಸ್ ತನ್ನ ಘೋಷಣೆಯಲ್ಲಿ, ಯಾವುದು ತನ್ನ ಆಂತರಿಕ ವಿಷಯ ಅಂತ ತಾನೇ ನಿರ್ಧರಿಸುತ್ತೇನೆ, ಅಂಥ ಜಗಳ ಹೊರಗೆ ಅಂತ ಬರೆದುಕೊಂಡಿತ್ತು. ನಾರ್ವೆಯ ಘೋಷಣೆಯಲ್ಲಿ ಅಂಥ ಮಾತಿರಲಿಲ್ಲ. ಸಾಲದ ಬಾಂಡ್‌ಗಳ ವಿಷಯದಲ್ಲಿ ಫ್ರಾನ್ಸ್ ನಾರ್ವೆಯ ಮೇಲೆ ಕೇಸು ಹಾಕಿದಾಗ ನಾರ್ವೆ ಫ್ರಾನ್ಸಿನ ಷರತ್ತನ್ನೇ ಎತ್ತಿಕೊಂಡು ಇದು ನಮ್ಮ ಆಂತರಿಕ ವಿಷಯ ಅಂದಿತು. 1957ರಲ್ಲಿ ಫ್ರಾನ್ಸ್ ತನ್ನದೇ ಮಾತಿನಿಂದ ಸೋತಿತು.

ಆದರೆ ಇದು ಒಂದು ಹೆಜ್ಜೆ ಮಾತ್ರ. ಎದುರಾಳಿಯ ಷರತ್ತನ್ನು ಎರವಲು ಪಡೆಯಬಹುದು. ಎದುರಾಳಿ ಹಾಕಬಹುದಿತ್ತು, ಆದರೆ ಹಾಕಲಿಲ್ಲ ಅನ್ನುವಂಥ ಷರತ್ತನ್ನು ಊಹಿಸಿಕೊಂಡು ಬಳಸುವ ಹಾಗಿಲ್ಲ.

ಐದನೆಯದು: ಷರತ್ತನ್ನು ಪದ ಪದವಾಗಿ ಓದಿ

ಭಾರತದ 1974ರ ಘೋಷಣೆಯಲ್ಲಿ 11 ಷರತ್ತುಗಳಿದ್ದವು. ಸಶಸ್ತ್ರ ಸಂಘರ್ಷ ಮತ್ತು ಆತ್ಮರಕ್ಷಣೆಯ ಜಗಳಗಳು ಹೊರಗೆ. ಗಡಿ, ಸಮುದ್ರ ವಲಯ, ವಾಯುಪ್ರದೇಶದ ಜಗಳಗಳು ಹೊರಗೆ. ಬಹುದೇಶೀಯ ಒಪ್ಪಂದದ ಬಗ್ಗೆ ಜಗಳವಾದರೆ ಆ ಒಪ್ಪಂದದ ಸದಸ್ಯರೆಲ್ಲ ಕೋರ್ಟಿನ ಮುಂದಿರಬೇಕು, ಇಲ್ಲವೇ ಭಾರತ ಪ್ರತ್ಯೇಕವಾಗಿ ಒಪ್ಪಬೇಕು. ಎರಡನೇ ಷರತ್ತು: ಕಾಮನ್‌ವೆಲ್ತ್‌ನ ಸದಸ್ಯನಾಗಿರುವ ಅಥವಾ ಹಿಂದೆ ಸದಸ್ಯನಾಗಿದ್ದ ಯಾವುದೇ ದೇಶದ ಸರ್ಕಾರದ ಜೊತೆಗಿನ ಜಗಳ ಹೊರಗೆ.

"ಹಿಂದೆ ಸದಸ್ಯನಾಗಿದ್ದ" ಅನ್ನುವಲ್ಲಿ ಒಂದು ಕ್ಷಣ ನಿಲ್ಲಿ. ಭಾರತದ 1959ರ ಘೋಷಣೆಯಲ್ಲಿ ಆ ಮಾತಿರಲಿಲ್ಲ. 1972ರಲ್ಲಿ ಪಾಕಿಸ್ತಾನ ಕಾಮನ್‌ವೆಲ್ತ್ ಬಿಟ್ಟಿತು. ಎರಡು ವರ್ಷಕ್ಕೆ ಭಾರತದ ಹೊಸ ಘೋಷಣೆಯಲ್ಲಿ ಈ ಮಾತು ಸೇರಿತು. ಪಾಕಿಸ್ತಾನ 1989ರಲ್ಲಿ ಮತ್ತೆ ಒಳಗೆ ಬಂತು, ಆದರೆ ಆ ಹೊತ್ತಿಗೆ ಒಳಗಿದ್ದರೂ ಹೊರಗಿದ್ದರೂ ಷರತ್ತು ಅದನ್ನು ಹಿಡಿಯುತ್ತಿತ್ತು.

ಇದರ ಮೇಲೆ ಪಾಕಿಸ್ತಾನ ಬಲವಾಗಿಯೇ ಎರಗಿತು. ಕಾಮನ್‌ವೆಲ್ತ್ ದೇಶಗಳ ಜಗಳ ಮನೆಯೊಳಗೇ ತೀರಲಿ ಅನ್ನುವ ಕಾಲದ ಷರತ್ತು ಇದು, ಆ ಕಾಲ ಹೋಯಿತು, ಷರತ್ತೂ ಸತ್ತಿದೆ ಅನ್ನುವುದು ಒಂದು ವಾದ. ಸಂವಿಧಿಯ 36ನೇ ವಿಧಿಯ 3ನೇ ಕಲಮಿನಲ್ಲಿ ಪರಸ್ಪರತೆ ಮತ್ತು ಕಾಲಾವಧಿಯ ಷರತ್ತಿಗೆ ಮಾತ್ರ ಅವಕಾಶ ಇದೆ, ಇಂಥದ್ದಕ್ಕಿಲ್ಲ ಅನ್ನುವುದು ಇನ್ನೊಂದು. ಇದು ನಮ್ಮೊಬ್ಬರನ್ನೇ ಗುರಿ ಮಾಡಿ ಬರೆದದ್ದು, ತಾರತಮ್ಯ ಅನ್ನುವುದು ಮತ್ತೊಂದು.

ಕೋರ್ಟಿನ ಉತ್ತರ ನೋಡಿ, ಘೋಷಣೆ ಓದುವ ವಿಧಾನವೇ ಅದರಲ್ಲಿದೆ. 36(3)ರ ಪಟ್ಟಿ ಪೂರ್ತಿ ಪಟ್ಟಿಯಲ್ಲ, ಲೀಗ್ ಆಫ್ ನೇಷನ್ಸ್ ಕಾಲದಿಂದಲೂ ದೇಶಗಳು ಬೇರೆ ಬೇರೆ ಷರತ್ತು ಹಾಕುತ್ತ ಬಂದಿವೆ, ಅದು ಒಪ್ಪಿತ ರೂಢಿ. ಷರತ್ತು ಹುಟ್ಟಿದ ಹಳೆಯ ಕಾರಣ ಹೋಗಿರಬಹುದು, ಆದರೆ ಭಾರತ 1974ರಲ್ಲಿ ಅದನ್ನು ಮತ್ತೆ ಬರೆದಿದೆ, ಬರೆದ ಮಾತಿನಲ್ಲಿ ಉದ್ದೇಶ ಸ್ಪಷ್ಟವಾಗಿದೆ, ಹಳೆಯ ಇತಿಹಾಸ ಅದನ್ನು ಮೀರುವುದಿಲ್ಲ. ಯಾವ ದೇಶಗಳ ಜೊತೆ ಕೋರ್ಟಿಗೆ ಬರುತ್ತೇನೆ, ಯಾವುದರ ಜೊತೆ ಬರುವುದಿಲ್ಲ ಅಂತ ಆರಿಸಿಕೊಳ್ಳುವ ಸ್ವಾತಂತ್ರ್ಯ ಘೋಷಣೆ ಮಾಡುವ ದೇಶಕ್ಕಿದೆ. ಅಷ್ಟಕ್ಕೇ ಈ ದಾರಿ ಮುಚ್ಚಿತು, ಬಹುದೇಶೀಯ ಒಪ್ಪಂದದ ಷರತ್ತನ್ನು ನೋಡುವ ಅಗತ್ಯವೇ ಬರಲಿಲ್ಲ.

ಹೀಗೆ ಓದುವ ಪದ್ಧತಿಗೆ ಹಳೆಯ ಬೇರಿದೆ. 1952ರ ಆಂಗ್ಲೋ-ಇರಾನಿಯನ್ ತೈಲ ಕೇಸಿನಲ್ಲಿ ಇರಾನಿನ ಘೋಷಣೆ ಹೀಗಿತ್ತು: ಘಟನೆಗಳ ಬಗೆಗಿನ ಜಗಳಗಳು, ಇರಾನ್ ಒಪ್ಪಿದ ಒಪ್ಪಂದಗಳಿಗೆ ಸಂಬಂಧಿಸಿದ, ಘೋಷಣೆಯ ದೃಢೀಕರಣದ ನಂತರದ. ಈ "ನಂತರದ" ಯಾವುದಕ್ಕೆ ಅಂಟುತ್ತದೆ? ಘಟನೆಗಾ, ಒಪ್ಪಂದಕ್ಕಾ? ಘಟನೆಗೆ ಅಂದರೆ ಬ್ರಿಟನ್ 19ನೇ ಶತಮಾನದ ಒಪ್ಪಂದಗಳನ್ನೂ ಎಳೆದು ತರಬಹುದಿತ್ತು. ಒಪ್ಪಂದಕ್ಕೆ ಅಂದರೆ 1932ರ ನಂತರದವು ಮಾತ್ರ. ಇರಾನ್ ಬರೆಯುವಾಗ ಏನು ಮನಸ್ಸಿನಲ್ಲಿಟ್ಟುಕೊಂಡಿತ್ತು ಅಂತ ನೋಡಿ ಕೋರ್ಟು ಎರಡನೆಯದನ್ನು ಆರಿಸಿತು, ಬ್ರಿಟನ್ನಿನ ಕೇಸು ಬಿತ್ತು. ಆಗ ಕೋರ್ಟಿನ ನ್ಯಾಯಾಧೀಶರಲ್ಲಿ ದಕ್ಷಿಣ ಕನ್ನಡ ಮೂಲದ ಬೆನೆಗಲ್ ನರಸಿಂಗ ರಾವ್ ಕೂಡ ಇದ್ದರು. ಭದ್ರತಾ ಮಂಡಳಿಯಲ್ಲಿ ಇದೇ ವಿಷಯ ಬಂದಾಗ ಭಾರತದ ಪ್ರತಿನಿಧಿಯಾಗಿ ಕೂತಿದ್ದರಿಂದ ತೀರ್ಪಿನಲ್ಲಿ ಭಾಗವಹಿಸಲಿಲ್ಲ.

ಅಟ್ಲಾಂಟಿಕ್ ಕೇಸಿನ ಮೂರನೇ ಆಧಾರ, ವಿಶ್ವಸಂಸ್ಥೆಯ ಸನ್ನದು, ಬೇಗ ಬಿತ್ತು. ಜಗಳ ಶಾಂತಿಯಿಂದ ಬಗೆಹರಿಸಿಕೊಳ್ಳಿ ಅಂತ ಸನ್ನದು ಹೇಳುತ್ತದೆ ನಿಜ, ಶಿಮ್ಲಾ ಒಪ್ಪಂದವೂ ಹೇಳುತ್ತದೆ. ಬಗೆಹರಿಸಿಕೊಳ್ಳಬೇಕು ಅನ್ನುವುದು ಬೇರೆ, ಈ ಕೋರ್ಟಿನಲ್ಲೇ ಬಗೆಹರಿಸಿಕೊಳ್ಳಬೇಕು ಅನ್ನುವುದು ಬೇರೆ. ಎರಡನೆಯದು ಅವುಗಳಲ್ಲಿ ಎಲ್ಲೂ ಇಲ್ಲ. 2000ದ ಜೂನ್ 21ರಂದು 14-2 ಮತಗಳಿಂದ ಕೋರ್ಟು ತನಗೆ ಅಧಿಕಾರವಿಲ್ಲ ಅಂದಿತು. ವಿಮಾನ ಎಲ್ಲಿ ಹಾರುತ್ತಿತ್ತು ಅನ್ನುವುದರ ಬಗ್ಗೆ ತೀರ್ಪಿನಲ್ಲಿ ಒಂದು ನಿರ್ಣಯವೂ ಇಲ್ಲ. "ಭಾರತ ಸರಿ ಅಂತ ಹೇಗ್ ಹೇಳಿತು" ಅಂತ ಯಾರಾದರೂ ಬರೆದರೆ ಅದು ತಪ್ಪು. ಶಾಂತಿಯಿಂದ ಬಗೆಹರಿಸಿಕೊಳ್ಳುವ ಬಾಧ್ಯತೆ ಎರಡೂ ದೇಶಗಳಿಗೆ ಹಾಗೆಯೇ ಉಳಿದಿದೆ ಅಂತಲೂ ಕೋರ್ಟು ಅದೇ ತೀರ್ಪಿನಲ್ಲಿ ನೆನಪಿಸಿತು.

ಆರನೆಯದು: ಆ ಷರತ್ತು ನಿಮಗೇ ಅಡ್ಡ ಬಂದರೆ

ಈಗ ಪರಸ್ಪರತೆಯನ್ನು ನೆನಪಿಗೆ ತನ್ನಿ. ಕಾಮನ್‌ವೆಲ್ತ್ ಷರತ್ತು ಭಾರತದ್ದು. ಹಾಗಾದರೆ ಭಾರತ ಪಾಕಿಸ್ತಾನದ ಮೇಲೆ ಆಪ್ಷನಲ್ ಕ್ಲಾಸ್ ಹಿಡಿದು ಕೇಸು ಹಾಕಿದರೆ? ಪಾಕಿಸ್ತಾನ ಅದೇ ಷರತ್ತನ್ನು ಎತ್ತಿ ತೋರಿಸಿದರೆ ಸಾಕು.

ಕುಲಭೂಷಣ್ ಜಾಧವ್ ಅವರಿಗೆ 2017ರ ಏಪ್ರಿಲ್‌ನಲ್ಲಿ ಪಾಕಿಸ್ತಾನದ ಸೇನಾ ನ್ಯಾಯಾಲಯ ಮರಣದಂಡನೆ ವಿಧಿಸಿತು. ಮೇ 8ಕ್ಕೆ ಭಾರತ ಹೇಗ್‌ಗೆ ಹೋಯಿತು. ಆ ಅರ್ಜಿಯಲ್ಲಿ ಆಪ್ಷನಲ್ ಕ್ಲಾಸಿನ ಮೇಲೆ ಭಾರತ ನಿಲ್ಲಲಿಲ್ಲ. ಬದಲಿಗೆ ಕಾನ್ಸುಲರ್ ಸಂಬಂಧಗಳ ವಿಯೆನ್ನಾ ಒಪ್ಪಂದದ ಜೊತೆಗಿರುವ ಐಚ್ಛಿಕ ಪ್ರೋಟೋಕಾಲ್ ಹಿಡಿಯಿತು. ಎರಡೂ ದೇಶಗಳು 1970ರ ದಶಕದಲ್ಲೇ ಅದಕ್ಕೆ ಸೇರಿದ್ದವು. ಆ ಒಪ್ಪಂದದ ಅರ್ಥ ಅಥವಾ ಅನ್ವಯದ ಬಗ್ಗೆ ಜಗಳ ಬಂದರೆ ಈ ಕೋರ್ಟಿಗೆ ಅಂತ ಅದರ 1ನೇ ವಿಧಿ ಹೇಳುತ್ತದೆ. ಒಪ್ಪಂದದ ದಾರಿಯಲ್ಲಿ ಬಂದ ಒಪ್ಪಿಗೆಗೆ ಘೋಷಣೆಯ ಷರತ್ತುಗಳು ಅಂಟುವುದಿಲ್ಲ. ಕೋರ್ಟು ತನಗೆ ಅಧಿಕಾರ ಇದೆ ಅಂತ ಅವಿರೋಧವಾಗಿ ಹೇಳಿತು.

ಆದರೆ ದಾರಿ ಎಷ್ಟು ಅಗಲವೋ ಅಷ್ಟೇ ಕೇಸು. ಸೇನಾ ವಿಚಾರಣೆ ನ್ಯಾಯಯುತವಾಗಿರಲಿಲ್ಲ, ಮಾನವ ಹಕ್ಕುಗಳ ಒಡಂಬಡಿಕೆಯ ಉಲ್ಲಂಘನೆ ಆಗಿದೆ ಅಂತಲೂ ಭಾರತ ವಾದಿಸಿತ್ತು. ನಮ್ಮ ಅಧಿಕಾರ ವಿಯೆನ್ನಾ ಒಪ್ಪಂದಕ್ಕೆ ಮಾತ್ರ ಸೀಮಿತ ಅಂತ ಕೋರ್ಟು ಅದನ್ನು ಬದಿಗಿಟ್ಟಿತು. ಹಾಗಾಗಿ 2019ರ ಜುಲೈ 17ರ ತೀರ್ಪಿನಲ್ಲಿ ಶಿಕ್ಷೆ ರದ್ದಾಗಲಿಲ್ಲ, ಬಿಡುಗಡೆಯ ಆದೇಶವೂ ಬರಲಿಲ್ಲ. ಬಂದದ್ದು ಕಾನ್ಸುಲರ್ ಭೇಟಿಗೆ, ಅಂದರೆ ಭಾರತದ ರಾಯಭಾರ ಅಧಿಕಾರಿಗಳು ಅವರನ್ನು ನೋಡಲು ಅವಕಾಶ, ಮತ್ತು ಶಿಕ್ಷೆಯ ಪರಿಣಾಮಕಾರಿ ಮರುಪರಿಶೀಲನೆ. ತೀರ್ಪಿನಲ್ಲಿ ಕೇಳಿದ್ದಕ್ಕಿಂತ ಕಡಿಮೆ ಸಿಕ್ಕಿದ್ದು ಯಾಕೆ ಅಂತ ಅನಿಸಿದಾಗಲೆಲ್ಲ ಹಿಂದಕ್ಕೆ ಹೋಗಿ ಒಪ್ಪಿಗೆಯ ವಿಧಿಯನ್ನು ಓದಿ. ಬಹುಪಾಲು ಉತ್ತರ ಅಲ್ಲೇ ಇರುತ್ತದೆ.

ಏಳನೆಯದು: ಅಧಿಕಾರ ಇದೆ, ಆದರೂ ಅರ್ಜಿ ನಿಲ್ಲುತ್ತಾ?

ಇಲ್ಲಿಂದ ವಿಚಾರಣಾರ್ಹತೆ. ಹೆಚ್ಚಾಗಿ ಬರುವ ತಕರಾರುಗಳು ಎರಡು ಮೂರು. ದೇಶ ತನ್ನ ಪ್ರಜೆಯ ಅಥವಾ ಕಂಪನಿಯ ಪರವಾಗಿ ಬಂದಿದ್ದರೆ, ಆ ಪ್ರಜೆ ಮೊದಲು ಎದುರಿನ ದೇಶದ ನ್ಯಾಯಾಲಯಗಳಲ್ಲಿ ಇರುವ ದಾರಿಯನ್ನೆಲ್ಲ ಮುಗಿಸಿರಬೇಕು. 1959ರಲ್ಲಿ ಸ್ವಿಟ್ಜರ್ಲೆಂಡ್ ಅಮೆರಿಕದ ಮೇಲೆ ಹಾಕಿದ್ದ ಇಂಟರ್‌ಹ್ಯಾಂಡೆಲ್ ಕೇಸು ಬಿದ್ದದ್ದು ಇದಕ್ಕೇ, ಅಮೆರಿಕದ ಕೋರ್ಟುಗಳಲ್ಲಿ ದಾವೆ ಇನ್ನೂ ನಡೆಯುತ್ತಿತ್ತು. ಇನ್ನೊಂದು, ಕೋರ್ಟಿನ ಮುಂದಿಲ್ಲದ ಮೂರನೇ ದೇಶದ ತಪ್ಪನ್ನು ತೀರ್ಮಾನಿಸದೆ ಈ ಜಗಳ ತೀರುವುದೇ ಇಲ್ಲ ಅಂದರೆ ಕೋರ್ಟು ಕೈ ಹಾಕುವುದಿಲ್ಲ. ಈಸ್ಟ್ ಟಿಮೋರ್ ವಿಷಯದಲ್ಲಿ ಪೋರ್ಚುಗಲ್ ಆಸ್ಟ್ರೇಲಿಯಾದ ಮೇಲೆ ಕೇಸು ಹಾಕಿತು. ಆದರೆ ಅದಕ್ಕೆ ಮೊದಲು ಇಂಡೊನೇಷ್ಯಾ ಮಾಡಿದ್ದು ಸರಿಯಾ ಅಂತ ಹೇಳಬೇಕಿತ್ತು. ಇಂಡೊನೇಷ್ಯಾ ಒಪ್ಪಿಗೆ ಕೊಟ್ಟಿರಲಿಲ್ಲ. 1995ರಲ್ಲಿ ಕೇಸು ಅಲ್ಲಿಗೇ ನಿಂತಿತು.

ಜಾಧವ್ ಕೇಸಿನಲ್ಲಿ ಪಾಕಿಸ್ತಾನ ಎತ್ತಿದ್ದು ಬೇರೆ ರೀತಿಯವು: ಭಾರತ ಪ್ರಕ್ರಿಯೆಯನ್ನೂ ಹಕ್ಕುಗಳನ್ನೂ ದುರುಪಯೋಗ ಮಾಡಿದೆ, ಅದರ ಕೈ ಶುದ್ಧವಿಲ್ಲ ಅಂತ. ಇಂಥ ವಾದಗಳು ಕೋರ್ಟಿನಲ್ಲಿ ಗೆಲ್ಲುವುದು ತೀರಾ ವಿರಳ. ಇಲ್ಲೂ 15-1ರಲ್ಲಿ ಬಿದ್ದವು.

ಇನ್ನೊಂದು ಪ್ರಶ್ನೆ ಸಣ್ಣದು ಅನಿಸುತ್ತದೆ, ಆದರೆ ಕೇಸು ಮುಳುಗಿಸುತ್ತದೆ. ಅರ್ಜಿ ಹಾಕಿದ ದಿನ ನಿಜವಾಗಿ ಒಂದು ಜಗಳ ಇತ್ತಾ? ಅಣ್ವಸ್ತ್ರ ಕಡಿತದ ಮಾತುಕತೆ ನಡೆಸುವ ಬಾಧ್ಯತೆ ಮುರಿದಿದ್ದೀರಿ ಅಂತ 2014ರಲ್ಲಿ ಮಾರ್ಷಲ್ ದ್ವೀಪಗಳು ಒಂಬತ್ತು ದೇಶಗಳ ವಿರುದ್ಧ ಅರ್ಜಿ ಹಾಕಿದವು. ಆಪ್ಷನಲ್ ಕ್ಲಾಸ್ ಘೋಷಣೆ ಇದ್ದದ್ದು ಭಾರತ, ಪಾಕಿಸ್ತಾನ, ಬ್ರಿಟನ್‌ಗೆ ಮಾತ್ರ, ಉಳಿದವರು ಒಪ್ಪಲಿಲ್ಲ, ಆ ಅರ್ಜಿಗಳು ಮುಂದೆ ಹೋಗಲೇ ಇಲ್ಲ. ಈ ಮೂರರಲ್ಲೂ ಕೋರ್ಟು 2016ರಲ್ಲಿ, ಅರ್ಜಿಗೂ ಮುಂಚೆ ನಿಮ್ಮ ನಡುವೆ ಜಗಳವೇ ಇರಲಿಲ್ಲ ಅಂದಿತು. ಸಭೆಗಳಲ್ಲಿ ಅಣ್ವಸ್ತ್ರ ದೇಶಗಳ ಬಗ್ಗೆ ಸಾಮಾನ್ಯ ಭಾಷಣ ಮಾಡಿದರೆ ಸಾಲದು. ಎದುರಿನ ದೇಶ ತನ್ನ ನಡತೆಯನ್ನು ಇವರು ವಿರೋಧಿಸುತ್ತಿದ್ದಾರೆ ಅಂತ ತಿಳಿದಿರಬೇಕು, ಅಥವಾ ತಿಳಿಯದೇ ಇರಲು ಸಾಧ್ಯವೇ ಇರಬಾರದು. ಭಾರತದ ವಿಷಯದಲ್ಲಿ ಮತ 9-7, ಬ್ರಿಟನ್ ವಿಷಯದಲ್ಲಿ 8-8 ಆಗಿ ಅಧ್ಯಕ್ಷರ ನಿರ್ಣಾಯಕ ಮತದಿಂದ ತೀರಿತು. ಕೋರ್ಟು ತೀರಾ ಬಿಗಿ ಹಿಡಿಯಿತು ಅಂತ ನನ್ನ ಅಭಿಪ್ರಾಯ, ಅಷ್ಟು ಮಂದಿ ನ್ಯಾಯಾಧೀಶರಿಗೂ ಹಾಗೇ ಅನಿಸಿತ್ತು. ಆದರೂ ಕೆಲಸದ ಪಾಠ ಸರಳ. ಅರ್ಜಿ ಹಾಕುವ ಮುಂಚೆ ಹೆಸರು ಹಿಡಿದು, ಯಾವ ಬಾಧ್ಯತೆ ಹೇಗೆ ಮುರಿದಿದ್ದೀರಿ ಅಂತ ಒಂದು ರಾಜತಾಂತ್ರಿಕ ಪತ್ರ ಕಳಿಸಿ, ಉತ್ತರಕ್ಕೆ ಕಾಯಬೇಕು. ಹೊಸ ಕೇಸು ಓದುವಾಗ ಮೊದಲು ಆ ಪತ್ರವನ್ನು ಹುಡುಕಿ.

ತಕರಾರು ಯಾವಾಗ, ಏನಾಗುತ್ತದೆ

ಪ್ರತಿವಾದಿ ತನ್ನ ಪ್ರಾಥಮಿಕ ತಕರಾರುಗಳನ್ನು ಅರ್ಜಿದಾರರ ಲಿಖಿತ ವಾದ ಸಲ್ಲಿಕೆಯಾದ ಮೂರು ತಿಂಗಳೊಳಗೆ ಹಾಕಬೇಕು. ಹಾಕಿದ ಕೂಡಲೇ ಮುಖ್ಯ ವಾದದ ವಿಚಾರಣೆ ನಿಲ್ಲುತ್ತದೆ, ತಕರಾರಿನ ಮೇಲೆ ಮೊದಲು ತೀರ್ಪು. ಕೋರ್ಟು ತಕರಾರನ್ನು ಒಪ್ಪಬಹುದು, ತಳ್ಳಬಹುದು, ಇಲ್ಲವೇ ಇದು ಬರೀ ಪ್ರಾಥಮಿಕ ಪ್ರಶ್ನೆಯಲ್ಲ, ಮುಖ್ಯ ವಾದದ ಜೊತೆಗೇ ನೋಡೋಣ ಅನ್ನಬಹುದು. ತನಗೆ ಅಧಿಕಾರ ಇದೆಯೋ ಇಲ್ಲವೋ ಅನ್ನುವ ಜಗಳವನ್ನು ತೀರ್ಮಾನಿಸುವುದೂ ಕೋರ್ಟೇ. ತುರ್ತು ತಡೆ ಆದೇಶಕ್ಕೆ ಮಾತ್ರ ಇಷ್ಟೆಲ್ಲ ಬೇಕಿಲ್ಲ, ಮೇಲ್ನೋಟಕ್ಕೆ ಅಧಿಕಾರ ಕಂಡರೆ ಸಾಕು. ಜಾಧವ್ ಕೇಸಿನಲ್ಲಿ ಅರ್ಜಿ ಬಂದ ಹತ್ತೇ ದಿನಕ್ಕೆ ಗಲ್ಲಿಗೆ ತಡೆ ಸಿಕ್ಕಿದ್ದು ಹಾಗೆ. ತಡೆ ಸಿಕ್ಕಿತು ಅಂದರೆ ಅಧಿಕಾರದ ಪ್ರಶ್ನೆ ತೀರಿತು ಅಂತಲ್ಲ.

ಒಂದು ಸಲ ನೀವೇ ಮಾಡಿ ನೋಡಿ

ಬಂಗಾಳ ಕೊಲ್ಲಿಯ ಕಡಲ ಗಡಿಯ ಬಗ್ಗೆ ಬಾಂಗ್ಲಾದೇಶ 2009ರಲ್ಲಿ ಭಾರತದ ವಿರುದ್ಧ ಹೋಗಬೇಕಿತ್ತು. ಮೇಲಿನ ಹಂತಗಳನ್ನು ಹಾಕಿ. ವಿಶೇಷ ಒಪ್ಪಂದ ಇಲ್ಲ. ಆಪ್ಷನಲ್ ಕ್ಲಾಸ್? ಬಾಂಗ್ಲಾದೇಶ ಕಾಮನ್‌ವೆಲ್ತ್ ಸದಸ್ಯ, ಅದು ಸಾಲದು ಅಂದರೆ ಕಡಲ ಗಡಿಯ ಷರತ್ತೂ ಇದೆ, ಎರಡು ಕಡೆಯಿಂದ ಮುಚ್ಚಿದೆ. 1974ರದ್ದರ ಬದಲಿಗೆ ಭಾರತ 2019ರ ಸೆಪ್ಟೆಂಬರ್ 27ರಂದು ಹೊಸ ಘೋಷಣೆ ಮಾಡಿದೆ, ಅದರಲ್ಲೂ ಕಾಮನ್‌ವೆಲ್ತ್ ಷರತ್ತು ಉಳಿದಿದೆ, ಹಾಗಾಗಿ ಇವತ್ತು ಬಂದರೂ ಉತ್ತರ ಅದೇ. ಉಳಿದದ್ದು ಒಪ್ಪಂದದ ದಾರಿ. ಎರಡೂ ದೇಶಗಳು ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದದ ಸದಸ್ಯರು. ಅದರ 287ನೇ ವಿಧಿಯಲ್ಲಿ ಎರಡೂ ದೇಶ ಒಂದೇ ವೇದಿಕೆಯನ್ನು ಆರಿಸಿಕೊಂಡಿಲ್ಲದಿದ್ದರೆ ಜಗಳ ತಾನಾಗಿ ಮಧ್ಯಸ್ಥಿಕೆ ಮಂಡಳಿಗೆ ಹೋಗುತ್ತದೆ. ಹೋದದ್ದೂ ಅಲ್ಲಿಗೇ. 2014ರ ಜುಲೈ 7ರಂದು ಆ ಮಂಡಳಿ ಗಡಿ ಎಳೆದು ತೀರ್ಪು ಕೊಟ್ಟಿತು, ಎರಡೂ ದೇಶಗಳು ಅದನ್ನು ಒಪ್ಪಿಕೊಂಡವು.